ಕೆರೆದ ಮುಖ

ಹರಿಹರದ ಗುಡಿಯಲ್ಲಿ ಮಗಳ ಮದುವೆಯ ಫೋಟೋ ಹಿಡಿಸುವಾಗಲೇ ಮುರುಗೇಶಪ್ಪನವರು ಹೇಳಿದ್ದರು, ಹಿಂದೆ ಬೇರೆ ಯಾರೂ ಕಾಣಬಾರದು ಎಂದು. ದಾವಣಗೆರೆಯ ತನ್ನ ಸ್ಟುಡಿಯೋದಲ್ಲಿ ಫೋಟೋಗ್ರಾಫರ್ ಕರಿಬಸವರಾಜ, ಹಿಂದೆ ಕಂಡವರನ್ನು ಅಳಿಸುವ ಆ ಕೆಲಸವನ್ನು ಬೆಳಿಗ್ಗೆ ಮುಗಿಸಿದ್ದ. ಮಧ್ಯಾಹ್ನ, ಗುಡಿಯ ಮುಂದೆ ಹೂ ಮಾರುವ ಓಬವ್ವ ಬಂದಳು.

"ಆ ಫೋಟೋದಾಗ ನನ್ ಮಗ ಅದಾನ್ರಿ. ಹಿಂದ ನಿಂತಾಗ ನೀವೇ ‘ಸರಿಯಲೇ ಮಂಗ್ಯಾ’ ಅಂತ ಬೈದ್ರಿ. ಹೋದ ವಾರ ಹೊಳ್ಯಾಗ ಮುಳುಗಿ ಸತ್ತ. ಅವಂದು ಬ್ಯಾರೆ ಫೋಟೋ ಇಲ್ರಿ."

ಕರಿಬಸವರಾಜ ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದ. ಹುಡುಗನ ಮುಖದ ಮೇಲೆ ಕೆಂಪು ಬಣ್ಣ ಬಳಿದು ಮುಚ್ಚಿದ್ದರೆ ಒದ್ದೆ ಹತ್ತಿಯಿಂದ ಒರೆಸಬಹುದಿತ್ತು. ಆದರೆ ಬಳಿದ ಜಾಗ ಫೋಟೋದಲ್ಲಿ ಬೆಳ್ಳಗೆ ಬರುತ್ತದೆ. ಹಿಂದಿದ್ದದ್ದು ಕತ್ತಲೆಯ ಮಂಟಪ. ಅದಕ್ಕೆ ಹೊಂದಲೆಂದು ಅವನು ಹುಡುಗನ ಮುಖವನ್ನು ಬ್ಲೇಡಿನಿಂದ ಕೆರೆದಿದ್ದ. ಕೆರೆದದ್ದು ಕಪ್ಪಾಗಿ ಅಚ್ಚಾಗುತ್ತದೆ. ಅದಕ್ಕೂ ಮೊದಲು ಒಂದೂ ಪ್ರತಿ ತೆಗೆದಿರಲಿಲ್ಲ.

"ಮುಖ ಕೆರದು ತೆಗದ್ಬಿಟ್ಟೆನವ್ವ."

"ತೆಗಿಯಾಕ ಬರೋ ಕೈಗೆ ಇಡಾಕ ಬರಲ್ಲೇನು? ಅವಂದು ಚಿತ್ರ ಬರೀರಿ ಮತ್ತ!"

ಅವನು ಹಾಳೆ, ಪೆನ್ಸಿಲ್ ತೆಗೆದುಕೊಂಡ. "ಮೂಗು ಹೆಂಗಿತ್ತು?"

ಒಂದೇ ವಾರದಲ್ಲಿ ಓಬವ್ವನಿಗೆ ಮಗನ ಮೂಗು ಮರೆತಿತ್ತು. ಗಾಬರಿಯಿಂದ ತನ್ನ ಮೂಗನ್ನೇ ಮುಟ್ಟಿಕೊಂಡಳು.

"ನನ್ನಂಗೇ ಅದಾನ ಅಂತಿದ್ರು," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಬೆಳಕಿಗೆ ಕೂತಳು. "ನನ್ನ ನೋಡೇ ಬರೀರಿ. ಅಳಲ್ಲ."