ಕೊಟ್ಟಿದ್ದಳು, ಕೊಡುತ್ತಿದ್ದಾಳೆ

ಕನ್ನಡಕದ ಗಾಜಿಗೆ ಸಾಣೆ ಹಿಡಿಯುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಪಿಸುಮಾತು ಎಂದೇ ಕರೆಯುತ್ತಿದ್ದರು. ಹಿಂದಿನ ಕೋಣೆಯಲ್ಲಿ ಸಾಣೆಚಕ್ರದ ಮುಂದೆ ಅವಳ ಜಾಗ. ಚಕ್ರದ ಮೇಲೆ ಸಣ್ಣಗೆ ನೀರು ಬೀಳುತ್ತಿರುತ್ತಿತ್ತು. ಕಿಟಕಿಯಿಂದ ಬಂದ ಬಿಸಿಲು ಒರೆಸಿಟ್ಟ ಗಾಜುಗಳಲ್ಲಿ ಹಾದು, ಗೋಡೆಯ ಮೇಲೆ ತೆಳ್ಳನೆಯ ಬೆಳಕಿನ ಮೀನುಗಳನ್ನು ಬಿಡುತ್ತಿತ್ತು. ಯಾರಾದರೂ ಏನಾದರೂ ಕೇಳಿದರೆ ಅವಳ ಉತ್ತರ ಆ ನೀರಿನ ಸದ್ದಿನಲ್ಲೇ ಕರಗಿಹೋಗುತ್ತಿತ್ತು.

ಮುಂದಿನ ಕೌಂಟರಿನಲ್ಲಿದ್ದವಳು ಅವಳ ಗೆಳತಿ. ಅವಳಿಗೆ ಗಂಟೆ ಎಂದು ಹೆಸರು ಬಿದ್ದಿತ್ತು. ಬಾಯಿ ತೆರೆದರೆ ಬೀದಿ ತುದಿಗೆ ಕೇಳಬೇಕು. ಗಿರಾಕಿಗಳಿಗೆ ಪಿಸುಮಾತು ಹೇಳಬೇಕಾದದ್ದನ್ನೆಲ್ಲ ಅವಳೇ ಹೇಳುತ್ತಿದ್ದಳು. “ಈ ಗಾಜು ದಪ್ಪ ಆಯ್ತು ಅಂತಿದ್ದಾಳೆ ಇವಳು, ಫ್ರೇಮು ಬದಲಾಯಿಸ್ಕೊಳ್ಳಿ!” ಆರು ವರ್ಷ ಹೀಗೇ ನಡೆದಿತ್ತು.

ಈಗ ಗಂಟೆಯ ಮದುವೆ. ಹುಡುಗ ಹಡಗಿನ ರೇಡಿಯೋ ನೋಡಿಕೊಳ್ಳುವವನು. ಅವನ ಕಡೆಯವರು ಬೇರೆ ಬೇರೆ ಬಂದರುಗಳಲ್ಲಿ ಬೆಳೆದ, ಬೇರೆ ಬೇರೆ ಭಾಷೆ ಮಾತಾಡುವ ಜನ; ಎಲ್ಲರಿಗೂ ಅರ್ಥವಾಗುವುದು ಇಂಗ್ಲಿಷ್ ಒಂದೇ. ಮದುವೆಯಾದ ಮೇಲೆ ಗಂಟೆಯೂ ದೂರದ ಬಂದರಿಗೆ ಹೋಗುವವಳು.

“ಊಟದ ಹೊತ್ತಿಗೆ ಲೋಟ ಎತ್ತೋ ಮುಂಚೆ ಹರಸಿ ನಾಲ್ಕು ಮಾತು ಹೇಳ್ತಾರಲ್ಲ, ಆ ಟೋಸ್ಟ್ ನೀನೇ ಹೇಳ್ಬೇಕು,” ಎಂದಳು ಗಂಟೆ.

“ನಾನಾ? ನನಗೆ ಗಂಟಲೇ ಇಲ್ವಲ್ಲೇ.”

“ಬಾಯಿರೋರೆಲ್ಲ ಹೇಗೂ ಮಾತಾಡ್ತಾರೆ. ನೀನು ಹೇಳಿದ್ರೆ ಮಾತ್ರ ನನಗೆ ಮದುವೆ ಆಯ್ತು ಅನ್ಸುತ್ತೆ ಕಣೇ.”

ಮನೆಯಲ್ಲಿ ಅಣ್ಣ ಇದನ್ನು ಕೇಳಿ, “ಟೋಸ್ಟಾ? ಬ್ರೆಡ್ಡಿಗೂ ಭಾಷಣನಾ?” ಎಂದು ನಕ್ಕ. ಅತ್ತಿಗೆ ನಗಲಿಲ್ಲ. ಅತ್ತಿಗೆ ಪತ್ರಿಕೆಯೊಂದರಲ್ಲಿ ಇಂಗ್ಲಿಷ್ ಬರಹಗಳನ್ನು ತಿದ್ದುವ ಕೆಲಸದಲ್ಲಿದ್ದಳು. “ಬರ್ಕೊಂಡು ಬಾ, ನೋಡೋಣ. ಮೊದಲು ಮನಸ್ಸಿಗೆ ಬಂದ ಹಾಗೆ ಬರಿ, ವ್ಯಾಕರಣ ಆಮೇಲೆ,” ಎಂದಳು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿತು. ಅತ್ತಿಗೆ ಕೆಂಪು ಪೆನ್ನು ತೆರೆದಳು. ಪಿಸುಮಾತಿಗೆ ತನ್ನ ಎದೆಯನ್ನೇ ಮೇಜಿನ ಮೇಲಿಟ್ಟ ಹಾಗಾಯಿತು.

“ಮ್ಯಾರೀಡ್ ವಿತ್ ಅಂತ ಬರೆದಿದೀಯ. ಮ್ಯಾರೀಡ್ ಟು ಆಗ್ಬೇಕು. ನಮ್ಮಲ್ಲಿ ಅವನ ಜೊತೆ ಮದುವೆ ಅಂತೀವಲ್ಲ, ಅದು ಹಾಗೇ ನುಸುಳಿಬಿಟ್ಟಿದೆ. ಐ ವಿಶ್ ಯು ವಿಲ್ ಬಿ ಹ್ಯಾಪಿ ಅನ್ನೋದೂ ಸರಿ ಕೂರಲ್ಲ. ಹೋಪ್ ಅಂತ ಹಾಕು. ಇಲ್ಲಾಂದ್ರೆ ಐ ವಿಶ್ ಯು ಹ್ಯಾಪಿನೆಸ್ ಅಂದುಬಿಡು, ಚಿಕ್ಕದು, ಉಸಿರೂ ಉಳಿಯುತ್ತೆ.”

ಪಿಸುಮಾತು ತಲೆಯಾಡಿಸಿದಳು. ಪೆನ್ನು ಕೆಳಗಿಳಿಯಿತು. ‘ಐ ಸ್ಪೀಕ್ ಸ್ಮಾಲ್’ ಎಂದಿದ್ದ ಕಡೆ ಅತ್ತಿಗೆ ಗೆರೆ ಎಳೆದು, ‘ಎ ವುಮನ್ ಆಫ್ ಫ್ಯೂ ವರ್ಡ್ಸ್’ ಎಂದು ಬರೆದಳು. “ಹೀಗಂದ್ರೆ ಲಕ್ಷಣವಾಗಿರುತ್ತೆ. ಮಿತಭಾಷಿ ಅಂತ ಅರ್ಥ.”

“ಆದ್ರೆ ಅದು ಸುಳ್ಳಲ್ವಾ ಅತ್ತಿಗೆ?”

“ಯಾಕೆ?”

“ನನ್ನ ಹತ್ರ ಮಾತು ಕಮ್ಮಿ ಇಲ್ಲ. ಒಳಗೆ ಬೇಕಾದಷ್ಟಿದೆ. ದನಿ ಸಣ್ಣದು, ಅಷ್ಟೆ.”

ಅತ್ತಿಗೆ ಅವಳನ್ನು ನೋಡಿದಳು. ಮದುವೆಯಾಗಿ ಬಂದ ಮೇಲೆ ನಾದಿನಿಯ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದದ್ದನ್ನು ಅವಳು ಕೇಳಿರಲಿಲ್ಲ. ತನ್ನದೇ ಕೆಂಪು ಸಾಲನ್ನು ಹೊಡೆದುಹಾಕಿ, ‘ಐ ಹ್ಯಾವ್ ಎ ಸ್ಮಾಲ್ ವಾಯ್ಸ್’ ಎಂದು ಬರೆದಳು. “ಇದು ಸರಿಯಾದ ಇಂಗ್ಲಿಷೂ ಹೌದು, ನಿನ್ನದೂ ಹೌದು. ನಾನು ಚಂದ ಮಾಡೋಕೆ ಹೋಗಿ ನಿನ್ನನ್ನೇ ಅಳಿಸ್ತಿದ್ದೆ.”

ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ‘ಶಿ ಈಸ್ ಲೆಂಡಿಂಗ್ ಮಿ ಹರ್ ವಾಯ್ಸ್ ಸಿನ್ಸ್ ಸಿಕ್ಸ್ ಇಯರ್ಸ್.’ ಅವಳು ತನ್ನ ದನಿಯನ್ನು ನನಗೆ ಎರವಲು ಕೊಡುತ್ತಿದ್ದಾಳೆ, ಆರು ವರ್ಷಗಳಿಂದ.

“ಇಲ್ಲಿ ಸಿನ್ಸ್ ಬರಲ್ಲ. ಶುರುವಾದ ಹೊತ್ತು ಹೇಳೋವಾಗ ಸಿನ್ಸ್. ಎಷ್ಟು ಕಾಲ ಅನ್ನೋವಾಗ ಫಾರ್. ಫಾರ್ ಸಿಕ್ಸ್ ಇಯರ್ಸ್. ಅದು ಸುಲಭ. ಕಷ್ಟ ಇರೋದು ಕ್ರಿಯಾಪದದಲ್ಲಿ.” ಅತ್ತಿಗೆ ಹಾಳೆಯ ಅಂಚಿನಲ್ಲಿ ಒಂದರ ಕೆಳಗೊಂದು ಬರೆದಳು. “ಹ್ಯಾಸ್ ಬೀನ್ ಲೆಂಡಿಂಗ್ ಅಂದ್ರೆ ಕೊಡ್ತಾ ಬಂದಿದ್ದಾಳೆ, ಇನ್ನೂ ಕೊಡ್ತಿದ್ದಾಳೆ. ಲೆಂಟ್ ಅಂದ್ರೆ ಕೊಟ್ಟಿದ್ದಳು, ಈಗ ಮುಗೀತು. ಯಾವುದು?”

ಪಿಸುಮಾತು ಹಾಳೆಯನ್ನು ಅತ್ತಿಗೆಯ ಕಡೆಗೆ ತಳ್ಳಿದಳು.

“ನೀವೇ ಹೇಳಿ ಅತ್ತಿಗೆ. ತಿದ್ದೋರು ನೀವು.”

“ವ್ಯಾಕರಣ ಎರಡಕ್ಕೂ ಒಪ್ಪುತ್ತೆ ಕಣೇ. ಯಾವುದು ನಿಜ ಅಂತ ನಿನಗೇ ಗೊತ್ತಿರ್ಬೇಕು.”

ಗೊತ್ತಿರಲಿಲ್ಲ. ಎರಡೂ ಹಾಗೇ ಉಳಿದವು. ಆ ವಾರವೆಲ್ಲ ಪಿಸುಮಾತು ಸಾಣೆಚಕ್ರದ ಮುಂದೆ ಕೂತು ನೀರಿಗೆ ಹೇಳಿನೋಡಿದಳು. ಮುಗೀತು ಎಂದರೆ ಗೆಳತಿಯನ್ನು ತಾನೇ ಬಾಗಿಲ ಹೊರಗೆ ದಾಟಿಸಿದಂತೆ. ಮುಗಿದಿಲ್ಲ ಎಂದರೆ ಹೊರಟವಳ ಸೆರಗು ಜಗ್ಗಿದಂತೆ. ಕೆಲವೊಮ್ಮೆ ಬೆಳಕಿನ ಮೀನುಗಳು ಗೋಡೆಯಿಂದ ಇಳಿದು ಅವಳ ಅಂಗೈಗೆ ಬಂದು, ಯಾವ ಸಾಲೂ ಹೇಳದೆ ಈಜಿಹೋಗುತ್ತಿದ್ದವು.

ಮದುವೆಯ ಮಧ್ಯಾಹ್ನ ನದಿಯ ದಡದ ಎತ್ತರದ ಕಿಟಕಿಗಳ ಸಭಾಂಗಣದಲ್ಲಿ ಗಾಳಿಯೂ ನಿದ್ದೆಗಣ್ಣಿನಲ್ಲಿದ್ದಂತಿತ್ತು. ಬಿಳಿ ಪರದೆಗಳು ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ಯಾರೋ ಲೋಟಕ್ಕೆ ಚಮಚ ತಟ್ಟಿದರು. ಪಿಸುಮಾತು ಎದ್ದು ನಿಂತಳು. ಹಾಳೆ ಕೈಯಲ್ಲಿತ್ತು, ಅಕ್ಷರಗಳು ಮಾತ್ರ ನೀರಿನಡಿಯ ಕಲ್ಲುಗಳಂತೆ ಅಲುಗುತ್ತಿದ್ದವು. ಬಾಯಿ ತೆರೆದಳು. ಏನೂ ಬರಲಿಲ್ಲ.

ಗಂಟೆ ಕುರ್ಚಿಯಿಂದ ಅರ್ಧ ಎದ್ದಳು, ಆರು ವರ್ಷದ ಅಭ್ಯಾಸ. ಹಾಳೆಗೆ ಕೈಚಾಚಿ, ತಾನೇ ಓದಿಬಿಡಲು ಉಸಿರೂ ಎಳೆದುಕೊಂಡಳು. ಒಂದು ಕ್ಷಣ ಹಾಳೆಯನ್ನು ಇಬ್ಬರೂ ಹಿಡಿದಿದ್ದರು. ಪಿಸುಮಾತು ಮೆಲ್ಲಗೆ ತಲೆಯಲ್ಲಾಡಿಸಿ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಗಂಟೆ ಕೂತಳು.

‘ಐ ಹ್ಯಾವ್ ಎ ಸ್ಮಾಲ್ ವಾಯ್ಸ್,’ ಎಂದಳು ಪಿಸುಮಾತು. ಕೇಳಿಸಿಕೊಳ್ಳಲು ಸಭೆಯೆಲ್ಲ ಮುಂದಕ್ಕೆ ಬಾಗಿತು. ಚಮಚಗಳು ಸುಮ್ಮನಾದವು. ಆ ಮೌನದಲ್ಲಿ ಸಣ್ಣ ದನಿ ಹಿಂದಿನ ಸಾಲಿನವರೆಗೂ ನಡೆದುಹೋಯಿತು. ದಪ್ಪ ಗಾಜು, ಬೀದಿ ತುದಿಗೆ ಕೇಳುವ ನಗೆ, ಎಲ್ಲ ಹೇಳಿದಳು. ಕೊನೆಯ ಸಾಲಿಗೆ ಬಂದು ಅಂಚಿನ ಎರಡು ಪದಗಳನ್ನು ನೋಡಿದಳು. ಅಷ್ಟು ಹೊತ್ತೂ ತಾನೇ ಮಾತಾಡಿದ್ದೆನೆಂಬುದು ಆಗ ಹೊಳೆಯಿತು. ಯಾವುದು ನಿಜವೆಂದು ಇನ್ನು ಯೋಚಿಸಬೇಕಾಗಿರಲಿಲ್ಲ.

‘ಶಿ ಲೆಂಟ್ ಮಿ ಹರ್ ವಾಯ್ಸ್ ಫಾರ್ ಸಿಕ್ಸ್ ಇಯರ್ಸ್,’ ಎಂದಳು.

ಗಂಟೆಗೆ ವ್ಯಾಕರಣ ಬರುತ್ತಿತ್ತೋ ಇಲ್ಲವೋ, ಅರ್ಥವಾಯಿತು. ಮುಖ ಮುಚ್ಚಿಕೊಂಡು ನಕ್ಕಳು, ಅತ್ತಳು. ಲೋಟಗಳು ಮೇಲೆದ್ದವು. ಮೂರನೆಯ ಮೇಜಿನಲ್ಲಿ ಅತ್ತಿಗೆ, ಅಣ್ಣನ ಕರವಸ್ತ್ರ ಕಿತ್ತುಕೊಂಡು, “ಒಂದೂ ತಪ್ಪಿಲ್ಲ!” ಎಂದಳು. ಅಣ್ಣ, “ಮೂಗು ಒರೆಸ್ಕೋ ಮೊದಲು,” ಎಂದ.

ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಹೊರಗೆ ಕಾರು ಬಂದು ನಿಂತಿತು. ಸಭಾಂಗಣದ ಮೆಟ್ಟಿಲ ಮೇಲೆ ಗಂಟೆ ಚಪ್ಪಲಿ ಬಿಚ್ಚಿ ಕೂತಿದ್ದಳು. ಪಕ್ಕದಲ್ಲಿ ಪಿಸುಮಾತು ಬಂದು ಕೂತಳು. ಗಂಟೆ ಏನೋ ಹೇಳಲು ಹೋದಳು, ಆಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಬಾಯಿ ಕಟ್ಟಿತ್ತು.

“ಅಲ್ಲಿ ಮನೆ ಹೇಗಿದೆಯಂತೆ? ಕಿಟಕಿ ಸಮುದ್ರದ ಕಡೆಗಾ?” ಎಂದು ಪಿಸುಮಾತು ಕೇಳಿದಳು. “ಸಮುದ್ರದ ಕಡೆಗೇ ಇರುತ್ತೆ ಬಿಡು. ಬೆಳಿಗ್ಗೆ ಎದ್ದ ಕೂಡಲೇ ಅದನ್ನ ತೆಗಿ. ಉಪ್ಪು ಗಾಳಿಗೆ ಕನ್ನಡಕ ಮಬ್ಬಾಗುತ್ತೆ, ಸೀರೆ ಅಂಚಲ್ಲಿ ಒರೆಸ್ಬೇಡ, ಗೆರೆ ಬೀಳುತ್ತೆ. ಮೆತ್ತನೆ ಹತ್ತಿ ಬಟ್ಟೆ ಕಳಿಸ್ತೀನಿ. ಆಮೇಲೆ ಪಕ್ಕದ ಮನೆಯವರ ಹತ್ರ ಮೊದಲ ದಿನವೇ ಜೋರಾಗಿ ಮಾತಾಡಿ ಹೆದರಿಸ್ಬೇಡ ಕಣೇ…”

ಗಂಟೆ ಅವಳ ಹೆಗಲಿಗೆ ತಲೆಯಿಟ್ಟಳು. ಕಾರಿನವನು ಹಾರನ್ ಒತ್ತಲು ಹೋಗಿ, ಯಾಕೋ ಕೈ ಹಿಂತೆಗೆದ. ನದಿಯ ಮೇಲಿನ ಬೆಳಕು ಸಡಿಲವಾಗಿ ಹರಿಯುತ್ತಿತ್ತು. ಪಿಸುಮಾತು ಮಾತಾಡುತ್ತಲೇ ಇದ್ದಳು.