ಇಪ್ಪತ್ತೈದು ದಿನಗಳ ಶೀತಲಗೃಹ

ಕಚೇರಿ ಅಂದರೆ ಒಂದು ಕೋಣೆ, ಮೂರು ಮೇಜು. ಒಂದರಲ್ಲಿ ಎಂಜಿನಿಯರಮ್ಮ, ಇನ್ನೊಂದರಲ್ಲಿ ಲೆಕ್ಕದವನು, ಮತ್ತೊಂದರಲ್ಲಿ ವಕೀಲರು. ಯಾರಾದರೂ ಕಾರ್ಖಾನೆ ಕಟ್ಟುತ್ತೇವೆ ಅಂತ ಬಂದರೆ, ಅದು ನಡೆಯುತ್ತದೋ ಇಲ್ಲವೋ ಅಂತ ಮೂವರೂ ಸೇರಿ ವರದಿ ಬರೆದುಕೊಡುತ್ತಿದ್ದರು. ಸೇರಿ ಅನ್ನುವುದು ಬರೀ ಬಾಯಿಮಾತು. ಒಬ್ಬರು ಬರೆದ ಅಧ್ಯಾಯವನ್ನು ಇನ್ನೊಬ್ಬರು ಓದಿದ್ದು ಯಾವ ಕಾಲಕ್ಕೋ!

ಈ ಸಲದ ವರದಿ ಎಂಜಿನಿಯರಮ್ಮನ ಅಣ್ಣನ ಊರಿನ ಶೀತಲಗೃಹದ್ದು. ನೂರು ಮನೆಯವರ ಸಂಘ, ಅಣ್ಣನೇ ಅಧ್ಯಕ್ಷ. ಇಡಲು ಜಾಗವಿಲ್ಲದೆ ಪ್ರತಿ ವರ್ಷ ಮೂರರಲ್ಲೊಂದು ಪಾಲು ಆಲೂಗಡ್ಡೆ ರಾಶಿಯಲ್ಲೇ ಕೊಳೆಯುತ್ತಿತ್ತು. ಎರಡು ಸಾವಿರ ಟನ್ನಿನದೊಂದು ಕಟ್ಟಡ ಎದ್ದರೆ ಆ ಗೋಳು ತಪ್ಪುತ್ತದೆ ಅಂತ ಅಣ್ಣ ಮನೆಮನೆಗೆ ತಿರುಗಿ ಎಲ್ಲರನ್ನೂ ಒಪ್ಪಿಸಿದ್ದ. ವರದಿ ಬ್ಯಾಂಕಿಗೆ ಹೋಗಲು ನಾಳೆಯೇ ಕೊನೆ ದಿನ. ತಪ್ಪಿದರೆ ಸರ್ಕಾರದ ಸಹಾಯಧನವೂ ಇಲ್ಲ, ಸಂಘವೂ ಉಳಿಯುವುದಿಲ್ಲ.

ಬೆಳಿಗ್ಗೆ ಅಣ್ಣ ಫೋನು ಮಾಡಿದ್ದ. "ಅಗೆಯೋ ಆಳುಗಳನ್ನ ಗೊತ್ತು ಮಾಡಿದೀವಿ ಕಣೆ. ಹತ್ತು ದಿನದಲ್ಲಿ ಎಲ್ಲರದ್ದೂ ಮುಗಿಯುತ್ತೆ. ಮುಂದಿನ ವರ್ಷ ನೇರವಾಗಿ ನಿನ್ನ ಕೋಲ್ಡ್ ಸ್ಟೋರೇಜಿಗೇ."

ಹತ್ತು ದಿನ. ವರದಿಯಲ್ಲಿ ಅವಳು ಬರೆದದ್ದು ಇಪ್ಪತ್ತೈದು ದಿನ.

ಆ ಇಪ್ಪತ್ತೈದು ಬಂದದ್ದು ಎಲ್ಲಿಂದ? ಬಯಲುಸೀಮೆಯ ಒಂದು ಹಳೇ ವರದಿಯಿಂದ. ಅಲ್ಲಿ ಬಿತ್ತನೆ ಹಿಂದುಮುಂದಾಗಿ ನಡೆಯುತ್ತದೆ, ಮಾಲೂ ನಿಧಾನಕ್ಕೆ ಬರುತ್ತದೆ. ದಿನಕ್ಕೆ ಎಂಬತ್ತು ಟನ್ನು ಒಳಗೆ ಬಂದರೆ ಅದರ ಬಿಸಿಯನ್ನು ಎಳೆದುಹಾಕುವಷ್ಟು ಶಕ್ತಿಯ ಯಂತ್ರ ಅವಳ ಲೆಕ್ಕದಲ್ಲಿತ್ತು. ಹತ್ತೇ ದಿನದಲ್ಲಿ ಎಲ್ಲವೂ ಬಂದರೆ ದಿನಕ್ಕೆ ಇನ್ನೂರು ಟನ್ನು! ಕೋಣೆ ತಣಿಯುವುದೇ ಇಲ್ಲ. ಒಟ್ಟಿದ ಆಲೂಗಡ್ಡೆ ತನ್ನ ಉಸಿರಿನ ಬಿಸಿಗೆ ತಾನೇ ಬೆಂದು ಒಳಗಿನ ತಿರುಳು ಕಪ್ಪಗಾಗುತ್ತದೆ. ಅದು ಅವಳಿಗೆ ಗೊತ್ತಿಲ್ಲದ್ದೇ? ಚಿಕ್ಕವಳಿದ್ದಾಗ ಅಗೆತಕ್ಕೆಂದು ಶಾಲೆಗೇ ಹತ್ತು ದಿನ ರಜೆ ಕೊಡುತ್ತಿದ್ದರು. ಆ ಸಾಲುಗಳಲ್ಲಿ ಬುಟ್ಟಿ ಹೊತ್ತವಳು ಅವಳೇ. ಹೊತ್ತವಳು ಮರೆತು, ಓದಿದವಳು ನಕಲು ಮಾಡಿದಳು. ಅಂಥ ಓದಿಗೆ ಬೆಂಕಿ ಹಾಕ!

"ಯಂತ್ರ ದೊಡ್ಡದು ಹಾಕಿದ್ರೆ?" ಅಂತ ಲೆಕ್ಕದವನನ್ನು ಕೇಳಿದಳು.

ಅವನು ಗುಂಡಿ ಒತ್ತುತ್ತ ಹೋದ. ದೊಡ್ಡ ಯಂತ್ರಕ್ಕೆ ಊರಿನ ವಿದ್ಯುತ್ ತಂತಿ ಸಾಲದು, ನಾಲ್ಕು ಕಿಲೋಮೀಟರು ಹೊಸದು ಎಳೆಸಬೇಕು. ಬ್ಯಾಂಕಿನ ಕಂತು ನೂರಿದ್ದರೆ ಕೈಗುಳಿಯುವುದು ತೊಂಬತ್ತು. ನೂರೈವತ್ತು ಉಳಿಯದಿದ್ದರೆ ಬ್ಯಾಂಕು ಸಾಲ ಕೊಡುವುದಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಎಂಟುನೂರು ಟನ್ನಿನದು ಕಟ್ಟಿದ್ರೆ ಇದೇ ಯಂತ್ರ ಸಾಕು," ಅಂದಳು.

"ಆಗ ಕೈಗುಳಿಯೋದು ಎಂಬತ್ತೇ," ಅಂದ ಅವನು. "ಅರ್ಧಕ್ಕಿಂತ ಚಿಕ್ಕ ಕಟ್ಟಡ ಅಂದ್ರೆ ಅರ್ಧಕ್ಕಿಂತ ಕಮ್ಮಿ ಖರ್ಚು ಅಂದ್ಕೊಂಡ್ರಾ? ಯಂತ್ರ ಅದೇ, ಕಾವಲುಗಾರ ಅದೇ. ಬಾಡಿಗೆ ಮಾತ್ರ ಕಮ್ಮಿ."

ಅತ್ತ ದರಿ, ಇತ್ತ ಪುಲಿ. ಆಗ ವಕೀಲರು ಕನ್ನಡಕ ಹಣೆಗೇರಿಸಿದರು. ಜಮೀನಿನ ಪತ್ರ, ಅಮೋನಿಯ ಅನಿಲಕ್ಕೆ ಸುರಕ್ಷತೆಯ ಒಪ್ಪಿಗೆ, ಮನೆಗಳಿಂದ ಇರಬೇಕಾದ ದೂರ, ಅವರ ಅಧ್ಯಾಯದಲ್ಲಿ ಎಲ್ಲವೂ ಸರಿಯಿತ್ತು. "ಯಂತ್ರ ಬದಲಾಗಲ್ಲ ಅಂದ್ರೆ ದಿನ ಬದಲಾಗ್ಲಿ. ಯಾರು ಯಾವ ದಿನ ಮಾಲು ತರಬೇಕು ಅಂತ ಒಪ್ಪಂದ ಬರೆಸಿ. ಬಾಯಿಮಾತು ಬೇಡ, ಸಹಿ ಬೇಕು. ದಿನಕ್ಕೆ ನಾಲ್ಕು ಮನೆ, ಇಪ್ಪತ್ತೈದು ದಿನ. ಆಗ ನಿಮ್ಮ ವರದಿ ಸುಳ್ಳಾಗಲ್ಲ."

ಮಧ್ಯಾಹ್ನಕ್ಕೆ ಅವಳೂ ವಕೀಲರೂ ಊರಿನ ಸಂಘದ ಕೋಣೆಯಲ್ಲಿದ್ದರು. ತಗಡಿನ ಸೂರಿನ ಕೆಳಗೆ ಜನ ಕಿಕ್ಕಿರಿದಿದ್ದರು. ಅವಳು ಅಣ್ಣನನ್ನು ಪಕ್ಕಕ್ಕೆ ಕರೆದು ತಪ್ಪು ಒಪ್ಪಿಕೊಂಡಳು, ವಕೀಲರ ಒಪ್ಪಂದದ ಮಾತನ್ನೂ ಹೇಳಿದಳು.

"ವರದೀಲಿ ಇಪ್ಪತ್ತೈದು ಅಂತಾನೇ ಇರ್ಲಿ ಬಿಡೇ," ಅಂದ ಅವನು. "ಬ್ಯಾಂಕಿನೋರೇನು ಅಗೆಯೋಕೆ ಬರ್ತಾರಾ?"

"ಈಗ ಮೂರರಲ್ಲೊಂದು ಪಾಲು ಹೋಗ್ತಿದೆ, ಅಣ್ಣ. ಆಮೇಲೆ ಒಂದೇ ಕೋಣೇಲಿ ಎಲ್ಲರದ್ದೂ ಹೋಗುತ್ತೆ."

ಅವನು ಮತ್ತೆ ಆ ಮಾತೆತ್ತಲಿಲ್ಲ. ಒಂದರಿಂದ ಇಪ್ಪತ್ತೈದರವರೆಗೆ ದಿನಗಳ ಪಟ್ಟಿ ಎಳೆದ ಪುಸ್ತಕವನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ವಿಷಯ ಹೇಳಿದ. ಮೊದಲ ಹತ್ತು ದಿನದ ಜಾಗಗಳು ಕಣ್ಣು ಮಿಟುಕಿಸುವುದರೊಳಗೆ ತುಂಬಿದವು. ಸ್ವಂತ ಟ್ರ್ಯಾಕ್ಟರಿನವರು ಎಲ್ಲರಿಗಿಂತ ಮುಂದಿದ್ದರು. ಆಮೇಲೆ ಒಬ್ಬರೂ ಮೇಜಿನ ಹತ್ತಿರ ಸುಳಿಯಲಿಲ್ಲ. ಸುಳಿಯುವುದಾದರೂ ಹೇಗೆ? ಮುಂಚೆ ಅಗೆದರೆ ಗಡ್ಡೆಯ ಸಿಪ್ಪೆ ಎಳಸು, ಮುಟ್ಟಿದರೆ ಸುಲಿಯುತ್ತದೆ. ಹತ್ತು ದಿನ ದಾಟಿದರೆ ಬಿಸಿಲಿಗೆ ನೆಲ ಕಾದು ಗಡ್ಡೆ ಮಣ್ಣಲ್ಲೇ ಕೊಳೆಯತೊಡಗುತ್ತದೆ.

ಅಣ್ಣ ಪೆನ್ನು ತೆಗೆದು ಇಪ್ಪತ್ತೈದನೇ ದಿನದ ಎದುರು ತನ್ನ ಸಹಿ ಹಾಕಿದ.

ಅದನ್ನು ನೋಡಿ ಅವರಿಬ್ಬರ ಚಿಕ್ಕಮ್ಮ ಎದ್ದಳು. ಗಂಡ ತೀರಿದ ಮೇಲೆ ಒಬ್ಬಳೇ ಹೊಲ ನೋಡಿಕೊಂಡವಳು ಆಕೆ. ಇಪ್ಪತ್ತೆರಡನೇ ದಿನಕ್ಕೆ ಸಹಿ ಹಾಕಿದಳು. ಅವಳ ಹಿಂದೆ ಸೊಂಟನೋವಿನ ಮುದುಕ, ಅವನ ಹಿಂದೆ ಅಣ್ಣನ ಷಡ್ಡಕ, ಹೀಗೆ ಒಬ್ಬೊಬ್ಬರೇ ಬಂದರು. ಒಂದು ಗಂಟೆಯೊಳಗೆ ಪುಟ ತುಂಬಿತು.

"ಸರಿಯಾಯ್ತು," ಅಂದರು ವಕೀಲರು. "ಇನ್ನು ವರದಿಗೆ ನಿಮ್ಮ ಸಹಿ ಒಂದೇ ಬಾಕಿ, ಮೇಡಂ."

ಅವಳು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿದಳು. ಮೇಲೆ ಉಳ್ಳವರು, ಕೆಳಗೆ ಇಲ್ಲದವರು. ಅಣ್ಣನ ಮುಖ ನೋಡಿ ಇಲ್ಲ ಅನ್ನಲಾಗದವರೆಲ್ಲ ಕೊನೆಯ ಸಾಲುಗಳಲ್ಲಿದ್ದರು. ಆ ಅರವತ್ತು ಮನೆಯ ಗಡ್ಡೆ ಯಂತ್ರಕ್ಕಾಗಿ ಕಾಯುತ್ತ ಮಣ್ಣಲ್ಲಿ ಕೊಳೆಯುತ್ತದೆ. ಕೊಳೆತದ್ದು ಶೀತಲಗೃಹದ ಬಾಗಿಲಿಗೆ ಬರುವುದಿಲ್ಲ, ಬಾರದ ಮಾಲಿಗೆ ಬಾಡಿಗೆ ಹುಟ್ಟುವುದಿಲ್ಲ. ಹಾಗಾದರೆ ಲೆಕ್ಕದವನ ಅಧ್ಯಾಯವೂ ಬಿದ್ದಂತೆಯೇ. ಕಾಗದದ ಮೇಲೆ ಮಾತ್ರ ಎಲ್ಲ ಸರಿ. ಅವಳು ವರದಿಯ ಕೊನೆಯ ಪುಟ ತೆಗೆದು, 'ಯೋಜನೆ ಕಾರ್ಯಸಾಧ್ಯ' ಅನ್ನುವುದನ್ನು ಹೊಡೆದುಹಾಕಿ, 'ಸಾಧ್ಯವಿಲ್ಲ' ಅಂತ ಬರೆದು ಸಹಿ ಮಾಡಿದಳು.

ಅಣ್ಣ ಅದನ್ನು ಎರಡು ಸಲ ಓದಿದ. "ಬೇರೆ ಯಾರಾದ್ರೂ ಬರೆದಿದ್ರೆ ಹರಿದುಹಾಕಿ ಇನ್ನೊಬ್ಬರ ಹತ್ರ ಹೋಗ್ತಿದ್ದೆ," ಅಂದ. "ನೀನು ಬರೆದೆಯಲ್ಲೇ. ಇನ್ನು ಎಲ್ಲಿಗೆ ಹೋಗ್ಲಿ?"

ಅವನು ಪುಸ್ತಕ ಎಳೆದುಕೊಂಡು ಮೊದಲು ತನ್ನ ಸಹಿ ಹೊಡೆದುಹಾಕಿದ. ಆಮೇಲೆ ಕೆಳಗಿಂದ ಒಂದೊಂದಾಗಿ ಹೊಡೆಯುತ್ತ ಬಂದ. ಜನ ನಿಂತು ನೋಡುತ್ತಿದ್ದರು. ಕೆಲವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಇಪ್ಪತ್ತೆರಡನೇ ದಿನಕ್ಕೆ ಬಂದಾಗ ಚಿಕ್ಕಮ್ಮ ಪುಟದ ಮೇಲೆ ಅಂಗೈ ಊರಿದಳು.

"ನಂದು ಹೊಡಿಬೇಡಪ್ಪ."

"ನಿಮ್ಮದೇ ಮಣ್ಣಲ್ಲಿ ಕೊಳೆಯುತ್ತೆ, ಚಿಕ್ಕಮ್ಮ," ಅಂದಳು ಎಂಜಿನಿಯರಮ್ಮ. "ಅದಕ್ಕೇ ಬೇಡ ಅಂದದ್ದು."

"ಕೊಳೀಲಿ. ಇಷ್ಟು ವರ್ಷ ಕೊಳೆತಿಲ್ವಾ? ಮಿಕ್ಕವರದ್ದಾದ್ರೂ ಉಳಿಯುತ್ತಲ್ಲ."

"ಉಳಿಯಲ್ಲ, ಚಿಕ್ಕಮ್ಮ. ನಿಮ್ಮದು ಬರದಿದ್ರೆ ಕಟ್ಟಡ ನಡೆಯಲ್ಲ."

ಚಿಕ್ಕಮ್ಮ ಅವಳನ್ನೇ ನೋಡಿದಳು. ಅರ್ಥವಾಗಿತ್ತು. ಆದರೂ ಕೈ ತೆಗೆಯಲಿಲ್ಲ. ಅಣ್ಣ ಪೆನ್ನು ಹಿಡಿದುಕೊಂಡು, ಆ ಕೈ ಪಕ್ಕಕ್ಕೆ ಸರಿಯಲಿ ಅಂತ ಕಾಯುತ್ತ ಕೂತ.