ಅಡಿಬರಹವಿಲ್ಲದ ಆರು ಸೆಕೆಂಡು

ಮಣಿಪಾಲದ ಎಡಿಟಿಂಗ್ ಕೋಣೆಯಲ್ಲಿ ಭವ್ಯಶ್ರೀ ಅದೇ ದೃಶ್ಯವನ್ನು ಮೂರನೇ ಸಲ ಓಡಿಸಿದಳು. ಸಬ್‌ಟೈಟಲ್ ಹಾಕುವುದು ಅವಳ ಕೆಲಸ. ಈ ಸಾಕ್ಷ್ಯಚಿತ್ರದಲ್ಲಿ ಕನ್ನಡ ಮಾತಿಗೆ ಅಡಿಬರಹವಿಲ್ಲ. ತಮಿಳು, ಇಂಗ್ಲಿಷ್ ಬಂದಲ್ಲಿ ಮಾತ್ರ ಕನ್ನಡದ ಸಾಲು ಬರಬೇಕು.

ಪರದೆಯ ಮೇಲೆ ಕಾಪುವಿನ ಸೆಲ್ವಿ, ಬೋಟು ಮುಳುಗಿ ತೀರಿಹೋದ ಗಂಡನ ಬಗ್ಗೆ ಕನ್ನಡದಲ್ಲಿ ಹೇಳಿ ಮುಗಿಸಿದ್ದಳು. ಕ್ಯಾಮೆರಾದ ಹಿಂದಿನಿಂದ ನಿರ್ದೇಶಕ ಕಾರ್ಲ್ಟನ್‌ನ ದನಿ ಬಂತು: "ಒನ್ ಮೋರ್ ಟೈಮ್, ಪ್ಲೀಸ್." ಸೆಲ್ವಿ ಪಕ್ಕದಲ್ಲಿದ್ದ ನಾದಿನಿಗೆ ತಮಿಳಿನಲ್ಲಿ ಏನೋ ಅಂದು, ಮತ್ತೆ ಅದನ್ನೇ ಹೇಳುತ್ತ ಅತ್ತಳು.

ಕಾರ್ಕಳದ ಅನುವಾದಕಿ ಆ ತಮಿಳು ಮಾತಿನ ಅರ್ಥ ಬರೆದು ಕಳಿಸಿದ್ದಳು. ಭವ್ಯಶ್ರೀ ಕಾರ್ಲ್ಟನ್‌ನ ಮಾತಿಗೊಂದು, ಸೆಲ್ವಿಯ ಮಾತಿಗೊಂದು ಸಾಲು ಹಾಕಿದಳು.

"ಇನ್ನೊಮ್ಮೆ ಹೇಳಿ."

"ಅತ್ತರೆ ಮಾತ್ರ ಇವರು ಹೋಗುವುದು. ಅತ್ತುಬಿಡಲಾ?"

ಹಿಂದೆ ನಿಂತು ನೋಡುತ್ತಿದ್ದ ಕಾರ್ಲ್ಟನ್, "ಅದೆಲ್ಲ ಎಂತಕ್ಕೆ ಮಾರಾಯ್ತಿ? ಎರಡೂ ತೆಗಿ. ಅಳು ಉಂಟಲ್ವಾ, ಸಾಕು," ಎಂದ.

"ಆಯ್ತು ಸರ್."

ಅವಳು ಎರಡೂ ಸಾಲು ಅಳಿಸಿದಳು; ಆರು ಸೆಕೆಂಡಿನ ಆ ಮಾತುಗಳ ದನಿ ಮಾತ್ರ ಚಿತ್ರದಲ್ಲಿ ಹಾಗೇ ಉಳಿಯಿತು. ಸಿಟ್ಟೂ ಬರಲಿಲ್ಲ, ಬೇಸರವೂ ಆಗಲಿಲ್ಲ. ಮುಂದಿನ ಸಾಲಿಗೆ ಹೋದಳು.

ಕಾಪುವಿನ ಸಭಾಭವನದಲ್ಲಿ ಚಿತ್ರ ತೋರಿಸಿದ ದಿನ ಆ ದೃಶ್ಯಕ್ಕೆ ಜನ ಕಣ್ಣೊರೆಸಿಕೊಂಡರು. ಸೆಲ್ವಿಯ ಬಿಡಾರದ ಕಡೆಯ ತಮಿಳರು ಒಂದಿಡೀ ಸಾಲಿನಲ್ಲಿ ಕೂತಿದ್ದರು. ಅವರಲ್ಲಿ ಒಬ್ಬರೂ ಅಳಲಿಲ್ಲ. ಎಲ್ಲರೂ ಪರದೆ ಬಿಟ್ಟು, ಬಾಗಿಲ ಬಳಿ ನಿಂತಿದ್ದ ಕಾರ್ಲ್ಟನ್ ಮತ್ತು ಭವ್ಯಶ್ರೀಯನ್ನು ತಿರುಗಿ ನೋಡುತ್ತಿದ್ದರು.

ಅವರಿಗೆ ಅಡಿಬರಹ ಬೇಕಿರಲಿಲ್ಲ.